ಎಟಿಪಿ ಮುಗಿದ ಮೇಲೆ ಸ್ನಾಯು ಸಡಿಲವಾಗದೆ ಸೆಟೆಯುವುದೇಕೆ?

ಪ್ರಶ್ನೆ: ಸ್ನಾಯು ಸಂಕುಚಿಸಲು ಎಟಿಪಿ ಬೇಕು ಎಂದು ನಮ್ಮ ಪಾಠದಲ್ಲಿದೆ. ಸತ್ತ ಮೇಲೆ ಎಟಿಪಿ ತಯಾರಾಗಲ್ಲ. ಹಾಗಿದ್ದರೆ ದೇಹ ಜೋತುಬೀಳಬೇಕು, ಸೆಟೆದುಕೊಳ್ಳೋದು ಯಾಕೆ? ಊರಹಬ್ಬದಲ್ಲಿ ಬೆಳಿಗ್ಗೆ ಕೊಯ್ದ ಕುರಿಯ ತೊಡೆ ಮಧ್ಯಾಹ್ನಕ್ಕೆ ಮರದಂತೆ ಬಿಗಿಯುವುದಕ್ಕೂ ಇದೇ ಕಾರಣವೇ?
– ದ್ವಿತೀಯ ಪಿಯು ವಿದ್ಯಾರ್ಥಿ, ಚಿಂತಾಮಣಿ ತಾಲ್ಲೂಕು

ಉತ್ತರ: ಹೌದು, ಕುರಿಯ ತೊಡೆಯಲ್ಲಿ ನಡೆಯುವುದೂ ಅದೇ. ಎಟಿಪಿ ಎಂದರೆ ಎಳೆಯುವ ಶಕ್ತಿ ಎಂದಷ್ಟೇ ಇಟ್ಟುಕೊಂಡದ್ದರಿಂದ ನಿಮಗೆ ಗೊಂದಲವಾಗಿದೆ. ಹಿಡಿದದ್ದನ್ನು ಬಿಡುವುದಕ್ಕೂ ಸ್ನಾಯುವಿಗೆ ಎಟಿಪಿಯೇ ಬೇಕು.

ಸ್ನಾಯುತಂತುವಿನೊಳಗೆ ದಪ್ಪನೆಯ ಮಯೋಸಿನ್ ಎಳೆಗಳೂ ತೆಳ್ಳನೆಯ ಆಕ್ಟಿನ್ ಎಳೆಗಳೂ ಒಂದರ ಪಕ್ಕ ಒಂದು ಇರುತ್ತವೆ. ಮಯೋಸಿನ್ನಿನ ತಲೆ ಚಾಚಿ ಆಕ್ಟಿನ್ನನ್ನು ಹಿಡಿದಾಗ ಆಗುವ ಜೋಡಣೆಯೇ ಅಡ್ಡಸೇತುವೆ. ಹಿಡಿದ ತಲೆ ಬಾಗಿ ಆಕ್ಟಿನ್ ಎಳೆಯನ್ನು ಸರಿಸುತ್ತದೆ. ಒಂದು ಸಲಕ್ಕೆ ಅದು ಸರಿಯುವ ದೂರ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು, ಇಲ್ಲವೇ ಅದಕ್ಕೂ ಕಡಿಮೆ. ಆದ್ದರಿಂದ ಒಂದೇ ಸಂಕೋಚನದಲ್ಲಿ ತಲೆ ಹಿಡಿದು, ಎಳೆದು, ಬಿಟ್ಟು, ಮುಂದೆ ಹೋಗಿ ಮತ್ತೆ ಹಿಡಿಯುತ್ತಿರಬೇಕು. ಬಾವಿಯಿಂದ ನೀರು ಸೇದುವಾಗ ಒಂದು ಕೈ ಹಗ್ಗ ಬಿಟ್ಟರೆ ತಾನೇ ಮುಂದಿನ ಹಿಡಿ ಸಿಗುವುದು?

ಈ ಚಕ್ರದ ಅನುಕ್ರಮವನ್ನು ನಿಧಾನವಾಗಿ ನೋಡಿ. ಎಳೆದು ಮುಗಿಸಿದ ತಲೆಯಿಂದ ಎಡಿಪಿ ಕಳಚುತ್ತದೆ. ಆಗ ತಲೆಯಲ್ಲಿ ಏನೂ ಉಳಿಯದು, ಆಕ್ಟಿನ್ನಿನ ಮೇಲೆ ಅದರ ಹಿಡಿತ ಅತಿ ಬಿಗಿಯಾಗಿರುವುದೂ ಆಗಲೇ. ಹೊಸ ಎಟಿಪಿ ಅಣುವೊಂದು ಬಂದು ಆ ಖಾಲಿ ಜಾಗದಲ್ಲಿ ಕೂತರೆ ತಲೆಯ ಆಕಾರ ಬದಲಾಗಿ ಹಿಡಿತ ಸಡಿಲುತ್ತದೆ, ಸೇತುವೆ ಕಳಚಿಕೊಳ್ಳುತ್ತದೆ. ಎಟಿಪಿ ಒಡೆಯುವುದು ಅದಾದ ಮೇಲೆ. ಒಡೆದಾಗ ಬಂದ ಶಕ್ತಿ ತಲೆಯನ್ನು ಮುಂದಿನ ಎಳೆತಕ್ಕೆ ಸಜ್ಜುಗೊಳಿಸುತ್ತದೆ. ಲಿಮ್ನ್ ಮತ್ತು ಟೇಲರ್ 1971ರಲ್ಲಿ ಈ ಅನುಕ್ರಮವನ್ನು ತೋರಿಸಿಕೊಟ್ಟರು. ಪರೀಕ್ಷೆಯಲ್ಲಿ ಹಲವರು ‘ಎಟಿಪಿ ಒಡೆದು ಸೇತುವೆ ಬಿಡುತ್ತದೆ’ ಎಂದು ಬರೆಯುತ್ತಾರೆ. ಅದು ತಪ್ಪು: ಬಿಡಿಸಲು ಎಟಿಪಿ ಬಂದು ಕೂತರೆ ಸಾಕು.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಸ್ನಾಯುವಿನ ಎಳೆಗಳನ್ನು ಗ್ಲಿಸರಿನ್‌ನಲ್ಲಿ ನೆನೆಸಿಟ್ಟರೆ ಪೊರೆ ಹಾಳಾಗಿ ಒಳಗಿನ ಎಟಿಪಿ ಸೋರಿಹೋಗುತ್ತದೆ, ಎಳೆ ಸೆಟೆದು ನಿಲ್ಲುತ್ತದೆ. ಮೆಗ್ನೀಸಿಯಂ ಇರುವ ದ್ರಾವಣದಲ್ಲಿ ಎಟಿಪಿ ಕೊಟ್ಟು ಕ್ಯಾಲ್ಸಿಯಂ ಇಲ್ಲದಂತೆ ನೋಡಿಕೊಂಡರೆ ಅದೇ ಎಳೆ ಸಡಿಲವಾಗಿ ಎಳೆದಷ್ಟು ಬರುತ್ತದೆ. ಎಟಿಪಿಯ ಜೊತೆ ಕ್ಯಾಲ್ಸಿಯಮ್ಮನ್ನೂ ಕೊಟ್ಟರೆ ಸಂಕುಚಿಸುತ್ತದೆ. ಒಂದೇ ವಸ್ತುವಿನಿಂದ ಸಡಿಲಿಕೆಯೂ ಸಂಕೋಚನವೂ ಆಗುವುದರಿಂದ, ಯಾವುದು ನಡೆಯಬೇಕೆಂದು ನಿರ್ಧರಿಸುವುದು ಕ್ಯಾಲ್ಸಿಯಂ.

ಈಗ ನಿಮ್ಮ ಊರಹಬ್ಬದ ಕುರಿಗೆ ಬರೋಣ. ಕುರಿ ಕೊಯ್ದದ್ದು ಬೆಳಿಗ್ಗೆ 6ಕ್ಕೆ ಎಂದುಕೊಳ್ಳಿ. ಆಗಿನ ಮಾಂಸ ಮೆತ್ತಗಿರುತ್ತದೆ. ಕತ್ತರಿಸಿದ ತುಂಡು ಒಮ್ಮೊಮ್ಮೆ ಅದುರುವುದನ್ನು ನೀವೂ ನೋಡಿರಬಹುದು. ಕುರಿ ಸತ್ತಿದೆ, ಆದರೆ ಸ್ನಾಯುವಿನಲ್ಲಿ ಎಟಿಪಿ ಇನ್ನೂ ಇದೆ. ರಕ್ತ ನಿಂತು ಆಮ್ಲಜನಕ ಇಲ್ಲದಿದ್ದರೂ ಎಟಿಪಿ ಮಟ್ಟವನ್ನು ಸ್ವಲ್ಪ ಹೊತ್ತು ಕ್ರಿಯಾಟಿನ್ ಫಾಸ್ಫೇಟ್ ಕಾಯುತ್ತದೆ. ಅದು ಮುಗಿಯುತ್ತ ಬಂದಂತೆ ಸ್ನಾಯು ತನ್ನಲ್ಲಿರುವ ಗ್ಲೈಕೊಜನ್ ಅನ್ನು ಆಮ್ಲಜನಕವಿಲ್ಲದೆಯೇ ಒಡೆದು ಒಂದಿಷ್ಟು ಎಟಿಪಿ ಮಾಡಿಕೊಳ್ಳುತ್ತದೆ. ಈ ದಾರಿಯಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗಿ, 7ರ ಆಸುಪಾಸಿನಲ್ಲಿದ್ದ ಪಿಎಚ್ ಕೆಲವು ಗಂಟೆಗಳಲ್ಲಿ 5.5ರ ಹತ್ತಿರಕ್ಕೆ ಇಳಿಯುತ್ತದೆ. ಅಷ್ಟು ಹುಳಿಯಲ್ಲಿ ಗ್ಲೈಕೊಜನ್ ಒಡೆಯುವ ಕಿಣ್ವಗಳೂ ಕೈಚೆಲ್ಲುತ್ತವೆ.

ಇಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಗಿರುತ್ತದೆ. ಕ್ಯಾಲ್ಸಿಯಮ್ಮನ್ನು ಅದರ ಚೀಲದೊಳಕ್ಕೆ ತುಂಬುವ ಪಂಪಿಗೂ ಎಟಿಪಿ ಬೇಕು. ಅದು ಸಾಲದಾದಾಗ ಕ್ಯಾಲ್ಸಿಯಂ ಹೊರಗೆ ಸೋರಿ, ಆಕ್ಟಿನ್ನಿನ ಮೇಲೆ ಮುಚ್ಚಿದ್ದ ಹಿಡಿಯುವ ತಾಣಗಳು ತೆರೆಯುತ್ತವೆ. ಎಟಿಪಿ ಇಲ್ಲದ ತಲೆಗಳು ಅಲ್ಲಲ್ಲಿ ಹಿಡಿದುಕೊಂಡರೆ, ಆ ಹಿಡಿತವೇ ಪಕ್ಕದ ತಾಣಗಳನ್ನೂ ತೆರೆದುಕೊಡುತ್ತದೆ. ಒಮ್ಮೆ ಹಿಡಿದ ತಲೆಗೆ ಬಿಡಲು ಎಟಿಪಿ ಸಿಗದು. ಹೀಗೆ ಸೇತುವೆಗಳು ಒಂದರ ಹಿಂದೊಂದು ಕಚ್ಚಿಕೊಳ್ಳುತ್ತ, ಎಳೆಗಳು ಜಾರುವುದೇ ನಿಂತುಹೋಗುತ್ತದೆ. ಮಧ್ಯಾಹ್ನ ನೀವು ಮುಟ್ಟಿ ನೋಡಿದ ಬಿಗಿ ಇದೇ. ಮತ್ತೆ ಮತ್ತೆ ಎಳೆಯಲು ಬೇಕಾದ ಎಟಿಪಿ ಇಲ್ಲದ್ದರಿಂದ ಸ್ನಾಯು ಹೆಚ್ಚು ಕುಗ್ಗುವುದಿಲ್ಲ, ಇದ್ದ ಭಂಗಿಯಲ್ಲೇ ಬೀಗ ಬೀಳುತ್ತದೆ. ಮನುಷ್ಯರಲ್ಲೂ ಹೀಗೆಯೇ. ಸಾಮಾನ್ಯವಾಗಿ 2ರಿಂದ 4 ಗಂಟೆಯೊಳಗೆ ರೆಪ್ಪೆ, ದವಡೆಗಳಲ್ಲಿ ಬಿಗಿ ಗೊತ್ತಾಗುತ್ತದೆ, 12 ಗಂಟೆಯ ಹೊತ್ತಿಗೆ ಮೈಯೆಲ್ಲ ಹಬ್ಬಿರುತ್ತದೆ. ಬಿಸಿಲುಗಾಲದಲ್ಲಿ ಇನ್ನೂ ಬೇಗ. ಹಿರಿಯರು ತಡಮಾಡದೆ ಕಣ್ಣು ಮುಚ್ಚಿಸಿ, ದವಡೆಗೆ ಬಟ್ಟೆ ಕಟ್ಟುವುದರಲ್ಲಿ ಲೆಕ್ಕಾಚಾರವಿದೆ. ತಡವಾದರೆ ತೆರೆದ ಬಾಯಿ ತೆರೆದಂತೆಯೇ ಬಿಗಿಯುತ್ತದೆ.

ಆಮೇಲೆ ಬಿಗಿ ಇಳಿಯುವುದು ಹೇಗೆ? ಎಟಿಪಿ ಮರಳಿ ಬರುವುದಿಲ್ಲ, ಸೇತುವೆಗಳೂ ಹೆಚ್ಚೇನೂ ಬಿಡುವುದಿಲ್ಲ. ಕ್ಯಾಲ್ಸಿಯಮ್ಮಿನಿಂದ ಚುರುಕಾಗುವ ಕ್ಯಾಲ್ಪೈನ್ ಎಂಬ ಕಿಣ್ವಗಳು ಎಳೆಗಳನ್ನು ಹಿಡಿದಿಟ್ಟ ಚೌಕಟ್ಟಿನ ಪ್ರೋಟೀನುಗಳನ್ನು ಕತ್ತರಿಸುತ್ತವೆ. ತಂಪಿನಲ್ಲಿಟ್ಟ ಮಾಂಸ ಒಂದೆರಡು ದಿನದಲ್ಲಿ ಮೆತ್ತಗಾಗುವುದು ಇದರಿಂದ.

ಅಡುಗೆಗೂ ಇದು ತಾಗುತ್ತದೆ. ಕೊಯ್ದ ಕೂಡಲೇ ಸಣ್ಣ ತುಂಡು ಮಾಡಿ ಕುದಿಗೆ ಹಾಕಿದರೆ ಮಾಂಸ ಸಾಮಾನ್ಯವಾಗಿ ಅಷ್ಟು ನಾರಾಗದು. ಪೂರ್ತಿ ಸೆಟೆದಾಗ ಬೇಯಿಸಿದರೆ ಅತಿ ಗಟ್ಟಿ. ಎಲ್ಲಕ್ಕಿಂತ ಕೆಟ್ಟದ್ದು, ಬಿಸಿ ಮಾಂಸದ ಸಣ್ಣ ತುಂಡುಗಳನ್ನು ನೇರವಾಗಿ ಫ್ರೀಜರಿಗೆ ತಳ್ಳುವುದು. ಎಟಿಪಿ ಇನ್ನೂ ಉಳಿದಿರುವಾಗಲೇ ಅದು ಹೆಪ್ಪುಗಟ್ಟುತ್ತದೆ. ಕರಗಿಸುವಾಗ ಕ್ಯಾಲ್ಸಿಯಂ ಒಮ್ಮೆಗೇ ಹರಿದು, ಉಳಿದ ಎಟಿಪಿಯಿಂದ ಸ್ನಾಯು ಬಲವಾಗಿ ಕುಗ್ಗುತ್ತದೆ. ಹಿಡಿದೆಳೆಯಲು ಮೂಳೆಯೂ ಇಲ್ಲವಲ್ಲ. ತುಂಡು ಚಿಕ್ಕದಾಗಿ, ಪಾತ್ರೆಯಲ್ಲಿ ಕೆಂಪು ನೀರು ನಿಂತಿದ್ದರೆ ಆಗಿರುವುದು ಇದೇ. ಆ ದಿನ ಬೇಯಿಸುವುದಿಲ್ಲವೆಂದರೆ ಮೂಳೆಸಮೇತ ದೊಡ್ಡ ತುಂಡಾಗಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಮೂಳೆ ಸ್ನಾಯುವನ್ನು ಕುಗ್ಗಲು ಬಿಡದು, ದೊಡ್ಡ ತುಂಡು ನಿಧಾನವಾಗಿ ತಣಿಯುತ್ತದೆ.

ಕುರಿಯನ್ನು ಸಂತೆಯಿಂದ ದೂರ ಓಡಿಸಿಕೊಂಡು ಬಂದು, ದಣಿದಿರುವಾಗಲೇ ಕೊಯ್ದರೆ ಲೆಕ್ಕ ಬದಲಾಗುತ್ತದೆ. ಗ್ಲೈಕೊಜನ್ ಮೊದಲೇ ಖರ್ಚಾಗಿರುವುದರಿಂದ ಎಟಿಪಿ ಬೇಗ ಮುಗಿದು ಬಿಗಿಯೂ ಬೇಗ ಬರುತ್ತದೆ. ಲ್ಯಾಕ್ಟಿಕ್ ಆಮ್ಲ ಕಡಿಮೆಯಾಗಿ ಪಿಎಚ್ 6ರ ಮೇಲೇ ಉಳಿಯುತ್ತದೆ. ಅಂಥ ಮಾಂಸ ಕಪ್ಪಾಗಿ, ಒಣಗಿದಂತೆ ಕಾಣುತ್ತದೆ, ಬೇಗ ಹಳಸುತ್ತದೆ. ಹಬ್ಬಕ್ಕೆ ತಂದ ಕುರಿಗೆ ನೀರು, ಮೇವು ಕೊಟ್ಟು ಒಂದು ದಿನವಾದರೂ ನೆರಳಿನಲ್ಲಿ ಕಟ್ಟಿದ್ದರೆ ಹೀಗಾಗುವ ಸಾಧ್ಯತೆ ಕಡಿಮೆ.