ಜೋಳದ ರೊಟ್ಟಿಯ ಸ್ಲೈಡ್‌ಗಳು: ಎಲ್ಲಿ ನಿಧಾನ, ಎಲ್ಲಿ ಬೇಗ?

"ಜೋಳದ ರೊಟ್ಟಿ ಮಾಡೋದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೊ ಸ್ಲೈಡ್ ಮಾಡಿ ಹಾಕಿದೀನಿ. ಒಟ್ಟು 14. ಮುಖಪುಟ 1, ಸಾಮಾನು 3, ಹಿಟ್ಟು ನಾದೋದು 5, ಹಂಚಿನ ಮೇಲೆ 2, ಊಟದ ತಟ್ಟೆ 3. ನೋಡಿ ಮಾಡಿದವರು ರೊಟ್ಟಿ ಬಿರೀತು, ಉಬ್ಬಲಿಲ್ಲ ಅಂತಾರೆ. ಸ್ಲೈಡ್ ಕಡಿಮೆ ಮಾಡಲಾ, ಜಾಸ್ತಿ ಮಾಡಲಾ?"

ನಾನು ಬಾಗಲಕೋಟೆಯವಳು. ಅಡುಗೆ ಸ್ಲೈಡ್ ಮಾಡಿಕೊಡುವುದು ನನ್ನ ಕೆಲಸ. ಒಟ್ಟು ಲೆಕ್ಕವನ್ನು ಸದ್ಯಕ್ಕೆ ಬಿಡಿ, ಯಾವ ಹಂತಕ್ಕೆ ಎಷ್ಟು ಕೊಟ್ಟಿದ್ದೀರಿ ಎಂಬುದನ್ನು ನೋಡಿ. ರೊಟ್ಟಿ ಕೆಡುವ ಜಾಗ ಹಂಚು. ಅಲ್ಲಿಗೆ ನೀವು ಕೊಟ್ಟಿರುವುದು ಎರಡೇ ಸ್ಲೈಡ್. ಸಾಮಾನಿಗೆ ಮೂರು. ಹಿಟ್ಟು, ನೀರು ಬಿಟ್ಟರೆ ರೊಟ್ಟಿಗೆ ಬೇರೆ ಏನು ಸಾಮಾನು ಇದೆ?

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ ಸ್ಲೈಡ್ ಹಂಚಬೇಡಿ. ಮಾಡುವವರು ನೋಡಿ ತೀರ್ಮಾನ ಮಾಡಬೇಕಾದ ಜಾಗ ಎಷ್ಟಿವೆ ಎಂದು ಎಣಿಸಿ. ಹಿಟ್ಟು ಮುಚ್ಚಿಟ್ಟು ಐದು ನಿಮಿಷ ಕಾಯುವಾಗ ತೀರ್ಮಾನ ಮಾಡುವುದು ಏನೂ ಇಲ್ಲ, ಒಂದು ಸ್ಲೈಡಿನ ಕೆಳಗೆ ಒಂದು ಸಾಲು ಸಾಕು. ಆದರೆ ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಒಂದು ನಿಮಿಷದೊಳಗೆ ಮೂರು ತೀರ್ಮಾನ ಬರುತ್ತವೆ. ನೀರು ಯಾವಾಗ ಹಚ್ಚುವುದು, ಯಾವಾಗ ಮಗುಚುವುದು, ಉಬ್ಬಲು ಎಲ್ಲಿ ಒತ್ತುವುದು.

ನಾನಾದರೆ ಹತ್ತರಲ್ಲಿ ಹೀಗೆ ಮಾಡುತ್ತೇನೆ. ಮೊದಲನೆಯದು ಉಬ್ಬಿದ ರೊಟ್ಟಿ, ಹಂಚಿನ ಮೇಲೇ ಇರುವಾಗ ತೆಗೆದ ಫೋಟೊ. ಎರಡನೆಯದರಲ್ಲಿ ಸಾಮಾನೆಲ್ಲ ಒಟ್ಟಿಗೆ: ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು. ಹಿಟ್ಟಿಗೆ ತಕ್ಕಂತೆ ನೀರು ಹೆಚ್ಚು ಕಡಿಮೆ ಆಗುತ್ತದೆ ಎಂದು ಅಲ್ಲೇ ಬರೆಯಿರಿ. ಹಿಟ್ಟು ಹೊಸದಾಗಿ ಬೀಸಿದ್ದು ಇರಬೇಕು ಎಂಬುದೂ ಅಲ್ಲೇ ಬರಲಿ. ಹಳೆಯ ಹಿಟ್ಟಿನಲ್ಲಿ ಜಿಗುಟು ಕಡಿಮೆ. ಆಮೇಲೆ ಎಷ್ಟು ಚೆಂದದ ಸ್ಲೈಡ್ ಹಾಕಿದರೂ ಅಂಚು ಬಿರಿಯುತ್ತದೆ.

ಮೂರನೆಯದು ಕುದಿ ನೀರು ಹಿಟ್ಟಿಗೆ ಬೀಳುವ ಫೋಟೊ. ನೀರಿನಲ್ಲಿ ಗುಳ್ಳೆ ಕಾಣಬೇಕು. ಗೋಧಿಯಲ್ಲಿರುವ ಗ್ಲೂಟನ್ ಜೋಳದಲ್ಲಿ ಇಲ್ಲ. ಬಿಸಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದಾಗಲೇ ಅಂಟು ಬರುವುದು. ಬೆಚ್ಚಗಿನ ನೀರು ಹಾಕಿದವರ ರೊಟ್ಟಿ ಬಡಿಯುವಾಗಲೇ ಒಡೆಯುತ್ತದೆ. "ಬಿಸಿ ನೀರು" ಎಂದು ಬರೆದರೆ ಜನ ಸ್ನಾನದ ನೀರಿನಷ್ಟು ಬಿಸಿ ಎಂದುಕೊಳ್ಳುತ್ತಾರೆ, ಅದಕ್ಕೇ ಗುಳ್ಳೆ ತೋರಿಸಿ ಅನ್ನುವುದು.

ನಿಮ್ಮ ನಾದುವ ಐದು ಸ್ಲೈಡ್ ಒಂದಕ್ಕೆ ಇಳಿಯಬಹುದು. ಐದರಲ್ಲೂ ಕೈ, ಹಿಟ್ಟು ಅಷ್ಟೇ ಕಾಣುತ್ತವೆ, ಅಲ್ವಾ? ನೋಡುವವರಿಗೆ ಬೇಕಾದದ್ದು ನಾದಿದ್ದು ಸಾಕು ಎಂಬ ಗುರುತು. ಉಂಡೆಯನ್ನು ಅಂಗೈಯಿಂದ ಒತ್ತಿದಾಗ ಅಂಚು ಒಡೆಯದೆ ನಯವಾಗಿ ಹರಡಬೇಕು. ಒಡೆದ ಉಂಡೆ, ನಯವಾದ ಉಂಡೆ ಎರಡನ್ನೂ ಪಕ್ಕಪಕ್ಕ ಇಟ್ಟು ನಾಲ್ಕನೆಯ ಸ್ಲೈಡ್ ಮಾಡಿ. ಒಡೆದದ್ದಕ್ಕೆ ನೀರು ಚಿಮುಕಿಸಿ ಮತ್ತೆ ನಾದಬೇಕು ಎಂದು ಬರೆಯಿರಿ.

ಐದನೆಯದು ಬಡಿಯುವುದು. ಇದಕ್ಕೆ ಫೋಟೊ ಸಾಲದು. ಒಂದು ಕೈ ಬಡಿಯುತ್ತಾ ಇರುವಾಗ ರೊಟ್ಟಿ ತಾನೇ ತಿರುಗುವ ಆ ಚಲನೆಯನ್ನು ನಿಂತ ಚಿತ್ರಗಳಲ್ಲಿ ಎಷ್ಟು ಸ್ಲೈಡ್ ಹಾಕಿದರೂ ಕಲಿಸಲು ಆಗುವುದಿಲ್ಲ. ಫೋಟೊಗಳ ನಡುವೆ ವಿಡಿಯೊ ಸೇರಿಸಲು ಇನ್‌ಸ್ಟಾಗ್ರಾಮ್ ಬಿಡುತ್ತದೆ. ಅಲ್ಲಿ ಒಂದು ಚಿಕ್ಕ ವಿಡಿಯೊ ಇಡಿ.

ಈಗ ಹಂಚು. ಇಲ್ಲಿ ಮೂರು ಸ್ಲೈಡ್, ಮೂರನ್ನೂ ಕ್ಯಾಮೆರಾ ಒಂದೇ ಜಾಗದಲ್ಲಿಟ್ಟು ತೆಗೆಯಿರಿ. ಹಂಚಿನ ಹಿಡಿಕೆ, ಒಲೆ, ಬೆಳಕು ಯಾವುದೂ ಕದಲಬಾರದು. ಆಗ ಬೆರಳು ಸರಿಸಿದಾಗ ರೊಟ್ಟಿ ಮಾತ್ರ ಬದಲಾಗುತ್ತದೆ, ಏನು ಬದಲಾಯಿತು ಎಂದು ಕಣ್ಣು ತಾನೇ ಹಿಡಿಯುತ್ತದೆ. ಸಮಯ ಹಾರಿಹೋದ ಕಡೆ, ಅಂದರೆ ನಾದುವುದರಿಂದ ಬಡಿಯುವುದಕ್ಕೆ ಹೋಗುವಾಗ, ಬೇಕಂತಲೇ ಕೋನ ಬದಲಿಸಿ. ನಡುವೆ ಹೊತ್ತು ಕಳೆದಿದೆ ಎಂದು ಬರೆಯದೆಯೂ ತಿಳಿಯುತ್ತದೆ.

ಆರನೆಯದು: ರೊಟ್ಟಿ ಹಂಚಿನ ಮೇಲೆ, ಒಣ ಹಿಟ್ಟು ಹತ್ತಿದ ಮೈ ಮೇಲಕ್ಕೆ, ಒದ್ದೆ ಅರಿವೆಯಿಂದ ನೀರು ಹಚ್ಚುತ್ತಿರುವ ಕೈ. ಹಾಕಿದ ಕೂಡಲೇ ಹಚ್ಚಬೇಕು, ತಡವಾದರೆ ಬಿರುಕು ಬಿಡುತ್ತದೆ. ಏಳನೆಯದು ಇಡೀ ಪಾಠದ ಮುಖ್ಯ ಚಿತ್ರ: ನೀರಿನ ಹೊಳಪು ಹೋಗಿದೆ, ಆದರೆ ಮೈ ಇನ್ನೂ ಸ್ವಲ್ಪ ತೇವ ಇದೆ. ಮಗುಚಬೇಕಾದದ್ದು ಆಗಲೇ. ಪೂರ್ತಿ ಒಣಗಿದ ಮೇಲೆ ಮಗುಚಿದರೆ ಬಿರಿಯುತ್ತದೆ, ಉಬ್ಬುವುದೂ ಇಲ್ಲ. ನಿಮಗೆ ಬಂದ ದೂರು ಎರಡೂ ಇಲ್ಲಿಂದಲೇ ಬಂದಿರಬಹುದು, ಏಕೆಂದರೆ ಎರಡು ಸ್ಲೈಡಿನಲ್ಲಿ ಈ ಹೊತ್ತು ಹಿಡಿಯಲು ಜಾಗವೇ ಇಲ್ಲ. ಇಲ್ಲಿ ಸೆಕೆಂಡುಗಳ ಲೆಕ್ಕ ಬರೆಯಬೇಡಿ. ಒಬ್ಬೊಬ್ಬರ ಹಂಚು, ಉರಿ ಬೇರೆ. "ಹೊಳಪು ಹೋದ ಕೂಡಲೇ ಮಗುಚಿ" ಅಷ್ಟೇ ಸಾಕು. ಎಂಟನೆಯದರಲ್ಲಿ ಮಗುಚಿದ ರೊಟ್ಟಿ, ಅರಿವೆಯಿಂದ ಅಂಚನ್ನು ಮೆಲ್ಲಗೆ ಒತ್ತುವುದು, ಉಬ್ಬು ಏಳುವುದು.

ಇನ್ನೊಂದು ತೊಡಕು ಇದೆ. ಮಂಚದ ಮೇಲೆ ಕೂತು ನೋಡುವವರಿಗೆ ಈ ಮೂರು ಸ್ಲೈಡ್ ಸರಿ. ಒಲೆ ಮುಂದೆ ನಿಂತವರ ಒಂದು ಕೈಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಒದ್ದೆ ಅರಿವೆ. ಅವರು ಸ್ಲೈಡ್ ಸರಿಸುವುದು ಹೇಗೆ? ಒದ್ದೆ ಬೆರಳಿಗೆ ಫೋನ್ ಸರಿಯಾಗಿ ಮಾತೂ ಕೇಳುವುದಿಲ್ಲ. ಅದಕ್ಕೆ ಒಂಬತ್ತನೆಯದು ಒಲೆಯ ಸ್ಲೈಡ್. ಆರು, ಏಳು, ಎಂಟರ ಚಿತ್ರಗಳನ್ನು ಮೇಲಿಂದ ಕೆಳಗೆ ಒಂದೇ ಸ್ಲೈಡಿನಲ್ಲಿ ಜೋಡಿಸಿ, ಒಂದೊಂದರ ಪಕ್ಕ ಎರಡೇ ಪದ: ನೀರು ಹಚ್ಚಿ, ಹೊಳಪು ಹೋಯ್ತಾ, ಅಂಚು ಒತ್ತಿ. ಅಕ್ಷರ ದೊಡ್ಡದಾಗಿರಲಿ, ಫೋನನ್ನು ಗೋಡೆಗೆ ಆನಿಸಿ ದೂರದಿಂದ ಓದುವಂತೆ. "ಇದನ್ನು ಸ್ಕ್ರೀನ್‌ಶಾಟ್ ತೆಗೆದು ತೆರೆದಿಡಿ, ಆಮೇಲೆ ಹಂಚು ಇಡಿ" ಎಂದು ಐದನೆಯ ಸ್ಲೈಡಿನಲ್ಲೇ ಬರೆದುಬಿಡಿ. ಕೈ ಖಾಲಿ ಇರುವುದು ಆಗ ಮಾತ್ರ.

ಹತ್ತನೆಯದು ತಟ್ಟೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಎಲ್ಲ ಒಂದೇ ಫೋಟೊದಲ್ಲಿ ಹಿಡಿಸುತ್ತದೆ. 2024ರಿಂದ ಇನ್‌ಸ್ಟಾಗ್ರಾಮ್ 20 ಸ್ಲೈಡ್‌ವರೆಗೂ ಬಿಡುತ್ತದೆ ನಿಜ, ಜಾಗ ಇದೆ ಅಂತ ಸುಮ್ನೆ ತುಂಬಬೇಡಿ. ಜಾಸ್ತಿ ಬೇಕಾದರೆ ಏಳನೆಯದನ್ನು ಒಡೆಯಿರಿ: ಇನ್ನೂ ಹಸಿ, ಈಗ ಸರಿ, ತಡವಾಯ್ತು.

ಹಾಕುವ ಮೊದಲು ರೊಟ್ಟಿ ಮಾಡಲು ಬಾರದ ಒಬ್ಬರ ಕೈಗೆ ಫೋನ್ ಕೊಟ್ಟು ಒಲೆ ಮುಂದೆ ನಿಲ್ಲಿಸಿ. ನೀವು ಬಾಯಿ ಬಿಡಬೇಡಿ, ಬೆರಳನ್ನು ಮಾತ್ರ ನೋಡಿ. ಅವರು ಹಿಂದಕ್ಕೆ ಸರಿಸಿದರೆ ಆ ಎರಡು ಸ್ಲೈಡ್‌ಗಳ ನಡುವೆ ಏನೋ ಬಿಟ್ಟುಹೋಗಿದೆ, ಅಲ್ಲಿ ಒಂದು ಸೇರಿಸಿ. ನೋಡದೆ ಎರಡು ಮೂರು ಒಟ್ಟಿಗೆ ದಾಟಿಸಿದರೆ ಅವನ್ನು ಒಂದು ಮಾಡಿ.