ಮೂವತ್ತೇಳು ತಪ್ಪು, ಕೆಡಿಸಿದ್ದು ಮಾತ್ರ ಆರು

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.)

ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದ ಹುಡುಗ. ಇಪ್ಪತ್ಮೂರರ ಆಸುಪಾಸು. ಬಂದು ಕೂತವನೇ ಚೀಲದಿಂದ ಎರಡು ಮಾಕ್ ಟೆಸ್ಟ್‌ಗಳ ಪ್ರಶ್ನೆಪತ್ರಿಕೆ, ಓಎಂಆರ್ ಪ್ರತಿ ತೆಗೆದು ಮೇಜಿನ ಮೇಲಿಟ್ಟ.

"ಸರ್, ಗೊತ್ತಿಲ್ಲದ್ದಕ್ಕೆಲ್ಲಾ ಟಿಕ್ ಹೊಡೆದು ಕೆಟ್ನಿರಿ. ಇನ್ಮ್ಯಾಲೆ ಪಕ್ಕಾ ಗೊತ್ತಿದ್ರಷ್ಟೇ ಹಚ್ಚಾಂವ. ಆದ್ರ ಹಂಗ ಮಾಡಿದ್ರೂ ಮಾರ್ಕ್ಸ್ ಏರವಲ್ವು."

ಈ ಪರೀಕ್ಷೆಯಲ್ಲಿ 100 ಪ್ರಶ್ನೆ, ಒಂದಕ್ಕೆ 1 ಅಂಕ, ನಾಲ್ಕು ಆಯ್ಕೆ. ತಪ್ಪಾದರೆ 0.25 ಕಡಿತ. ಮೊದಲ ಟೆಸ್ಟ್‌ನಲ್ಲಿ ಅವನು 98 ಪ್ರಶ್ನೆಗೆ ಉತ್ತರ ಹಾಕಿದ್ದ. 61 ಸರಿ, 37 ತಪ್ಪು. 37ಕ್ಕೆ 9.25 ಹೋಗಿ ಉಳಿದದ್ದು 51.75. ಅದೇ ರೂಮಿನ ಗೆಳೆಯ ಬರೀ 74 ಬರೆದು 56.5 ತಗೊಂಡಿದ್ದ. ಅಲ್ಲಿಂದ ಹೆದರಿಕೆ ಶುರು. ಎರಡನೇ ಟೆಸ್ಟ್‌ನಲ್ಲಿ 34 ಪ್ರಶ್ನೆ ಖಾಲಿ ಬಿಟ್ಟ. 66 ಬರೆದು 54 ಸರಿ, 12 ತಪ್ಪು. ಬಂದದ್ದು 51.

ಯುಪಿಎಸ್‌ಸಿಗೆ ಓದಿದ್ದ ಅಣ್ಣ ಒಬ್ಬರು "ಅಂದಾಜು ಹೊಡೆಯಲೇಬೇಡ" ಅಂದಿದ್ದರಂತೆ. ಆ ಮಾತು ಹುಟ್ಟಿದ ಜಾಗ ಬೇರೆ. ಅಲ್ಲಿ ತಪ್ಪಿಗೆ ಮೂರನೇ ಒಂದು ಭಾಗ ಕಡಿತ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದರೆ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಮೂರು ತಪ್ಪಾಗುತ್ತವೆ. ಒಂದು ಅಂಕ ಬಂತು, ಮೂರು ತಪ್ಪಿಗೆ ಒಂದು ಅಂಕ ಹೋಯಿತು. ಲೆಕ್ಕ ಚುಕ್ತಾ. ನಮ್ಮ ಹುಡುಗನ ಪರೀಕ್ಷೆಯಲ್ಲಿ ಮೂರು ತಪ್ಪಿಗೆ ಹೋಗೋದು 0.75 ಮಾತ್ರ. ನಾಲ್ಕು ಪ್ರಶ್ನೆಗೆ ಕಾಲು ಅಂಕ ಕೈಯಲ್ಲೇ ಉಳಿಯುತ್ತದೆ. ಐದರಲ್ಲಿ ಒಂದು ಸರಿಯಾದರೂ ಸಾಕು, ನಷ್ಟ ಇಲ್ಲ. ಐದು ಆಯ್ಕೆ ಇದ್ದು ಕಾಲು ಭಾಗ ಕಳೆಯುವ ಬ್ಯಾಂಕ್ ಪರೀಕ್ಷೆಗಳಲ್ಲಿ ಮತ್ತೆ ಚುಕ್ತಾ. ಅದಕ್ಕೇ ಒಂದು ಪರೀಕ್ಷೆಯ ಬುದ್ಧಿಮಾತನ್ನು ಇನ್ನೊಂದಕ್ಕೆ ಹಚ್ಚಬಾರದು. ಎಷ್ಟು ಕಳೆಯುತ್ತಾರೆ, ಆಯ್ಕೆ ಎಷ್ಟು, ಖಾಲಿ ಬಿಟ್ಟರೆ ಏನು ಅನ್ನೋದನ್ನು ಆಯಾ ಅಧಿಸೂಚನೆಯಲ್ಲೇ ನೋಡಬೇಕು.

"ಹಂಗಾದ್ರ ನಂದು ಯಾಕ ಕೆಡ್ತು?" ಅಂದ.

ಅದನ್ನು ಬಾಯಿಮಾತಲ್ಲಿ ಹೇಳೋಕಾಗಲ್ಲ. ಅವನ ಕೈಗೇ ಪೆನ್ಸಿಲ್ ಕೊಟ್ಟೆ. ಮೊದಲ ಟೆಸ್ಟ್‌ನ ಒಂದೊಂದು ಪ್ರಶ್ನೆ ನೋಡಿ, ಬರೆಯುವಾಗ ಮನಸ್ಸಲ್ಲಿ ಏನಿತ್ತು ಅಂತ ಗುರುತು ಹಾಕಲು ಹೇಳಿದೆ. ಗಟ್ಟಿಯಾಗಿ ಗೊತ್ತಿದ್ದರೆ ಒಂದು ಗೆರೆ. ಎರಡರಲ್ಲಿ ಅನುಮಾನ ಇದ್ದರೆ 2, ಒಂದೇ ಆಯ್ಕೆ ತೆಗೆದುಹಾಕಲು ಆಗಿದ್ದರೆ 3, ಏನೂ ಗೊತ್ತಿಲ್ಲದಿದ್ದರೆ ಸೊನ್ನೆ. ಮುಕ್ಕಾಲು ಗಂಟೆ ಹಿಡಿಯಿತು. ಕೀ ಆನ್ಸರ್ ಆಗಲೇ ನೋಡಿದ್ದರಿಂದ "ಇದು ನಂಗ ಗೊತ್ತಿತ್ರಿ" ಅನ್ನೋ ಆಸೆ ಅಲ್ಲಲ್ಲಿ ಹಣಕಿತು. ಎರಡು ಮೂರು ಕಡೆ ಅಳಿಸಿ ಮತ್ತೆ ಹಾಕಿಸಿದೆ.

ಸೊನ್ನೆ ಹಾಕಿದ 18ರಲ್ಲಿ 3 ಸರಿ, 15 ತಪ್ಪು. ಅಂದರೆ ಮೂರು ಬಂದು 3.75 ಹೋಗಿದೆ. ಇಷ್ಟು ಹೆದರಿಸಿದ್ದ ಕುರುಡು ಅಂದಾಜು ಒಟ್ಟಾರೆ ತಿಂದದ್ದು ಮುಕ್ಕಾಲು ಅಂಕ! 3 ಬರೆದ 10ರಲ್ಲಿ 3 ಸರಿ, 7 ತಪ್ಪು. ಅಲ್ಲಿ 1.25 ಲಾಭ. 2 ಬರೆದ 20ರಲ್ಲಿ 11 ಸರಿ, 9 ತಪ್ಪು. 8.75 ಅಂಕ ಅಲ್ಲಿಂದಲೇ ಬಂದಿತ್ತು.

ಇನ್ನು ಗೆರೆ ಎಳೆದ 50. ಅದರಲ್ಲಿ 6 ತಪ್ಪು.

ಅವನು ಆ ಆರನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ. "ಆರಕ್ಕ ಒಂದೂವರೆ ಹೋಗ್ಯಾವ್ರಿ" ಅಂದ. ಹಾಗಲ್ಲ. ಬರಬೇಕಿದ್ದ ಒಂದು ಅಂಕ ಬರಲಿಲ್ಲ, ಮೇಲೆ ಕಾಲು ಹೋಯಿತು. ಗೊತ್ತಿದ್ದ ಪ್ರಶ್ನೆ ತಪ್ಪಿದರೆ ಒಂದಕ್ಕೆ 1.25 ನಷ್ಟ. ಆರಕ್ಕೆ 7.5. ನೆಗೆಟಿವ್ ಅಂದ ಕೂಡಲೇ ಹುಡುಗರು ಗೊತ್ತಿಲ್ಲದ ಪ್ರಶ್ನೆಗಳ ಕಡೆಗೇ ನೋಡುತ್ತಾರೆ. ತೂತು ಬೇರೆ ಕಡೆ ಇರುತ್ತದೆ.

ಆರನ್ನೂ ಬಿಡಿಸಿ ನೋಡಿದೆವು. ಮೂರರಲ್ಲಿ "ಸರಿಯಲ್ಲದ್ದನ್ನು ಗುರುತಿಸಿ" ಅಂತಿತ್ತು. ಇವನು ಮೊದಲು ಕಂಡ ಸರಿಯಾದ ಹೇಳಿಕೆಗೇ ವೃತ್ತ ತುಂಬಿದ್ದ. ಒಂದರಲ್ಲಿ 47ರ ಉತ್ತರ 48ರ ಸಾಲಿಗೆ ಹೋಗಿತ್ತು. ಎರಡು ಮಾತ್ರ ನಿಜಕ್ಕೂ ತಪ್ಪು ಕಲಿತದ್ದು.

ಆಮೇಲೆ ಎರಡನೇ ಟೆಸ್ಟ್‌ನ 34 ಖಾಲಿ. ಐಹೊಳೆ ಶಾಸನ ಬರೆದ ಕವಿ ಯಾರು ಅನ್ನೋ ಪ್ರಶ್ನೆ ಅದರಲ್ಲಿತ್ತು. ರವಿಕೀರ್ತಿ, ಹರಿಷೇಣ, ಬಿಲ್ಹಣ, ಕುಬ್ಜ. ಯಾರನ್ನ ತೆಗೆದುಹಾಕ್ತೀ ಅಂತ ಕೇಳಿದೆ. "ಹರಿಷೇಣ ಅಲಹಾಬಾದ್ ಶಾಸನದಾಂವ. ಬಿಲ್ಹಣ ಆರನೇ ವಿಕ್ರಮಾದಿತ್ಯನ ಆಸ್ಥಾನದಾಂವ. ಉಳಿದಿಬ್ಬರಾಗ ಗೊಂದಲ ಐತ್ರಿ" ಅಂದ. ಇಷ್ಟು ಗೊತ್ತಿದ್ದವನು ಖಾಲಿ ಬಿಟ್ಟಿದ್ದ! ಎರಡರಲ್ಲಿ ಒಂದು ಆರಿಸಿದರೆ ಸರಾಸರಿ ಒಂದು ಪ್ರಶ್ನೆಗೆ 0.375 ಅಂಕ ಬರುತ್ತದೆ. ಕೀ ಆನ್ಸರ್ ನನ್ನ ಹತ್ತಿರ ಇಟ್ಟುಕೊಂಡು ಎಲ್ಲಾ 34ಕ್ಕೂ ಹೀಗೇ ಕೇಳಿದೆ. (ಈ ಟೆಸ್ಟ್‌ನ ಕೀ ಅವನು ಇನ್ನೂ ಬಿಡಿಸಿ ನೋಡಿರಲಿಲ್ಲ, ಬರೀ ಮಾರ್ಕ್ಸ್ ನೋಡಿ ಬೇಜಾರಾಗಿದ್ದ.) 19 ಪ್ರಶ್ನೆಗಳಲ್ಲಿ ಎರಡೇ ಆಯ್ಕೆ ಉಳಿದವು. ಅವನಿಂದಲೇ ಉತ್ತರ ಹಾಕಿಸಿದೆ. 11 ಸರಿ, 8 ತಪ್ಪು. 9 ಅಂಕ. 51 ಅಲ್ಲ, 60 ಆಗಬೇಕಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲ ಸುತ್ತಿನಲ್ಲಿ ಗೆರೆಯವು ಮಾತ್ರ. "ಅಲ್ಲ", "ಸರಿಯಲ್ಲದ್ದು" ಕಂಡರೆ ಆ ಪದಕ್ಕೆ ಪೆನ್ನಿನಿಂದ ಸುತ್ತು ಹಾಕು. ಹತ್ತು ಪ್ರಶ್ನೆಗೊಮ್ಮೆ ಓಎಂಆರ್‌ನ ಸಾಲಿನ ನಂಬರ್ ತಾಳೆ ನೋಡು. ಎರಡನೇ ಸುತ್ತಿನಲ್ಲಿ 2 ಮತ್ತು 3ರ ಗುರುತಿನವು, ಎಲ್ಲವನ್ನೂ ಬರೆ.

ಸೊನ್ನೆಯವನ್ನು ಏನು ಮಾಡೋದು? ಇಲ್ಲಿ ನಾನು ಒತ್ತಾಯ ಮಾಡಲಿಲ್ಲ. ಲಾಭ ಇದೆ, ಆದರೆ ಒಂದು ಪ್ರಶ್ನೆಗೆ 0.06ರಷ್ಟು. ಹದಿನೆಂಟಕ್ಕೆ ಸರಾಸರಿ ಒಂದು ಅಂಕದ ಚೂರು ಮೇಲೆ. ಅದೃಷ್ಟ ಕೆಟ್ಟು ಒಂದೇ ಸರಿಯಾದರೆ 3.25 ಹೋಗುತ್ತದೆ. ಇನ್ನೊಂದು ತೊಡಕು ಇದೆ. ಏನೂ ಗೊತ್ತಿಲ್ಲದಾಗ ನಾವು ಸುಮ್ನೆ ಆರಿಸಲ್ಲ, ಎಲ್ಲೋ ಕೇಳಿದ ಹೆಸರಿಗೆ ಕೈ ಹೋಗುತ್ತದೆ. ಪ್ರಶ್ನೆ ತೆಗೆಯುವವರು ಆ ಹೆಸರನ್ನು ಅಲ್ಲಿ ಇಟ್ಟಿರೋದೇ ಅದಕ್ಕೆ. ಹದಿನೆಂಟಕ್ಕೆ ಮೂರು ಅನ್ನೋದು ಬರೀ ಅದೃಷ್ಟವೂ ಇರಬಹುದು, ಒಂದು ಟೆಸ್ಟ್ ನೋಡಿ ಹೇಳೋಕಾಗಲ್ಲ. ನಾಲ್ಕೈದು ಟೆಸ್ಟ್‌ನ ಸೊನ್ನೆಗಳನ್ನು ಕೂಡಿಸಿ ನೋಡು, ಐದರಲ್ಲಿ ಒಂದೂ ಬರುತ್ತಿಲ್ಲ ಅಂದರೆ ನಿನ್ನ ಕೈ ಮೋಸ ಹೋಗುತ್ತಿದೆ ಅಂತ ಅರ್ಥ ಅಂದೆ. ಬರೆಯಲೇಬೇಕು ಅನಿಸಿದರೆ ಎಲ್ಲಕ್ಕೂ ಒಂದೇ ಅಕ್ಷರ ತುಂಬು. ಯೋಚನೆ ಮಾಡೋ ಹೊತ್ತಾದರೂ ಉಳಿಯುತ್ತದೆ.

ಮೂರು ವಾರ ಬಿಟ್ಟು ಮೂರನೇ ಟೆಸ್ಟ್ ಹಿಡಿದು ಬಂದ. ಗೆರೆಯ 52ರಲ್ಲಿ 2 ತಪ್ಪು. ಒಟ್ಟು 85 ಬರೆದು 65 ಸರಿ, 20 ತಪ್ಪು. 60 ಅಂಕ. ಸೊನ್ನೆ ಹಾಕಿದ 15 ಪ್ರಶ್ನೆ ಖಾಲಿ ಬಿಟ್ಟಿದ್ದ, ಅದೇ ಅವನನ್ನು ಕೊರೆಯುತ್ತಿತ್ತು.

"ಸರ್, ಎಲ್ಲಾದಕ್ಕೂ ಬಿ ಹಚ್ಚಿದ್ರ ಎಷ್ಟ್ ಬರ್ತಿತ್ತು?"

ಇಬ್ಬರೂ ಕೀ ಆನ್ಸರ್ ಮೇಲೆ ಬೆರಳಿಟ್ಟು ಎಣಿಸಿದೆವು. 15ರಲ್ಲಿ ಬಿ ಇದ್ದದ್ದು 3. ಮೂರು ಬಂದು, ಹನ್ನೆರಡು ತಪ್ಪಿಗೆ ಮೂರು ಹೋಗಿ, ಸರಿಯಾಗಿ ಸೊನ್ನೆ. ಅವನು ನಕ್ಕು ಪೇಪರ್ ಮಡಚಿ ಚೀಲಕ್ಕೆ ಹಾಕಿದ.