ಅರಬಿಯ ‘ಈ’ ಮತ್ತು ‘ಆ’: ಮೊದಲು ‘ಅಲ್’ ಎಲ್ಲಿದೆ ನೋಡಿ

“ಕೆಲಸದ ಒಪ್ಪಂದ ಪತ್ರವನ್ನು ಅರಬಿಯಲ್ಲೇ ಓದಲು ಕುಳಿತಿದ್ದೇನೆ. ‘ಹಾದಾ ಅಕ್ದ್’, ‘ಹಾದಲ್ ಅಕ್ದ್’, ‘ಅಕ್ದುಲ್ ಅಮಲ್ ಹಾದಾ’ ಮೂರೂ ಎದುರಾಗುತ್ತಿವೆ. ಮೂರೂ ಒಂದೇ ಅಲ್ಲವೇ? ಷರತ್ತುಗಳ ವಿಷಯ ಬಂದಾಗ ಇದ್ದಕ್ಕಿದ್ದಂತೆ ಹೆಣ್ಣಿನ ‘ಹಾದಿಹಿ’ ಏಕೆ?”

ಒಂದೇ ಅಲ್ಲ. ಮೊದಲನೆಯದು ಪೂರ್ಣ ವಾಕ್ಯ, ಉಳಿದೆರಡು ವಾಕ್ಯದ ತುಂಡುಗಳು. ‘ಹಾದಾ ಅಕ್ದ್’ ಎಂದರೆ ‘ಇದು ಒಂದು ಒಪ್ಪಂದ’, ಮಾತು ಅಲ್ಲಿಗೆ ಮುಗಿಯಿತು. ‘ಹಾದಲ್ ಅಕ್ದ್’ ಎಂದರೆ ‘ಈ ಒಪ್ಪಂದ’. ಇಷ್ಟೇ ಹೇಳಿ ಸುಮ್ಮನಾದರೆ ಎದುರಿನವರು, ಈ ಒಪ್ಪಂದಕ್ಕೆ ಏನಾಯಿತು ಎಂದು ನಿಮ್ಮ ಮುಖ ನೋಡುತ್ತಾರೆ. ಕನ್ನಡದಲ್ಲಿ ಇದಕ್ಕೆ ಎರಡು ಪದಗಳಿವೆ, ತಾನೇ ನಿಲ್ಲುವ ‘ಇದು’ ಮತ್ತು ಇನ್ನೊಂದು ಪದವನ್ನು ಹಿಡಿದೇ ನಿಲ್ಲುವ ‘ಈ’. ಅರಬಿಯಲ್ಲಿ ಎರಡೂ ಕೆಲಸಕ್ಕೆ ‘ಹಾದಾ’ ಒಬ್ಬನೇ ಆಳು. ಅವನು ಈಗ ಯಾವ ಕೆಲಸದಲ್ಲಿದ್ದಾನೆ ಎಂಬುದು ಮುಂದಿನ ಪದದ ತಲೆಯ ಮೇಲೆ, ಅದನ್ನು ನಿರ್ದಿಷ್ಟಗೊಳಿಸುವ ‘ಅಲ್’ ಇದೆಯೋ ಇಲ್ಲವೋ ಎಂಬುದರಿಂದ ಗೊತ್ತಾಗುತ್ತದೆ.

ಕಾಗದದ ಮೇಲೆ ‘ಅಲ್’ ಸ್ಪಷ್ಟವಾಗಿ ಕಾಣುತ್ತದೆ, ಕಿವಿಗೆ ಮಾತ್ರ ಅಷ್ಟು ಸುಲಭವಲ್ಲ. ‘ಹಾದಾ’ದ ಕೊನೆಯ ದೀರ್ಘ ಕುಗ್ಗಿ, ‘ಅಲ್’ನ ಅಕಾರ ನುಂಗಿಹೋಗಿ, ಎರಡೂ ಸೇರಿ ‘ಹಾದಲ್’ ಆಗುತ್ತವೆ. ಶ, ಸ, ತ, ದ, ರ, ನ ಇಂಥ ಅಕ್ಷರಗಳ ಮುಂದೆ ಲಕಾರವೂ ಉಳಿಯುವುದಿಲ್ಲ. ‘ಈ ಷರತ್ತು’ ಎಂಬುದು ‘ಹಾದಶ್ ಶರ್ತ್’ ಎಂದು ಕೇಳುತ್ತದೆ. ‘ಇದು ಒಂದು ಷರತ್ತು’ ಎಂಬುದು ‘ಹಾದಾ ಶರ್ತ್’. ಒಂದು ಶಕಾರ ಒತ್ತಿ ಬಂತೇ ಇಲ್ಲವೇ ಎಂಬಷ್ಟರಲ್ಲೇ ಅರ್ಥ ಬದಲಾಗುತ್ತದೆ. (ನಮ್ಮ ಷರತ್ತು ಹೊರಟದ್ದೂ ಅಲ್ಲಿಂದಲೇ. ಹಾಗಾಗಿ ನಿಮ್ಮ ಕಾಗದದ ಆ ಪದ ಅಷ್ಟು ಅಪರಿಚಿತವಲ್ಲ.)

ಗುಣವಾಚಕ ಸೇರಿದಾಗ ಇದೇ ‘ಅಲ್’ ಇನ್ನೂ ಹೆಚ್ಚು ಉಪಕಾರಕ್ಕೆ ಬರುತ್ತದೆ. ‘ಜದೀದ್’ ಎಂದರೆ ಹೊಸದು. ‘ಹಾದಾ ಅಕ್ದ್ ಜದೀದ್’: ಎಲ್ಲಿಯೂ ‘ಅಲ್’ ಇಲ್ಲ, ಆದ್ದರಿಂದ ‘ಇದು ಹೊಸ ಒಪ್ಪಂದ’. ‘ಹಾದಲ್ ಅಕ್ದ್ ಜದೀದ್’: ಒಪ್ಪಂದಕ್ಕೆ ‘ಅಲ್’ ಇದೆ, ಹೊಸದಕ್ಕೆ ಇಲ್ಲ, ಆದ್ದರಿಂದ ‘ಈ ಒಪ್ಪಂದ ಹೊಸದು’. ‘ಹಾದಲ್ ಅಕ್ದುಲ್ ಜದೀದ್’: ಎರಡಕ್ಕೂ ‘ಅಲ್’ ಇದೆ, ಅಂದರೆ ‘ಈ ಹೊಸ ಒಪ್ಪಂದ’, ಹೇಳುವುದು ಇನ್ನೂ ಬಾಕಿ. ಸರಪಳಿಯಲ್ಲಿ ‘ಅಲ್’ ಇಲ್ಲದ ಮೊದಲ ಪದ ಎಲ್ಲಿ ಬರುತ್ತದೋ ಸಾಮಾನ್ಯವಾಗಿ ಅಲ್ಲಿಂದ ‘ಏನು’ ಎಂಬ ಭಾಗ ಶುರುವಾಗುತ್ತದೆ. ಒಪ್ಪಂದ ಪತ್ರದ ಉದ್ದುದ್ದ ಸಾಲುಗಳನ್ನು ನಾನು ಬಿಡಿಸುವುದು ಹೀಗೆಯೇ. ಪೆನ್ಸಿಲ್ ಹಿಡಿದು ‘ಅಲ್’ಗಳಿಗೆಲ್ಲ ಅಡಿಗೆರೆ ಎಳೆದ ಮೇಲೆಯೇ ನಿಘಂಟು ತೆರೆಯುತ್ತೇನೆ.

ಹಾಗಾದರೆ ‘ನೀವು ಕೇಳಿದ ಒಪ್ಪಂದ ಇದೇ’ ಎನ್ನುವುದು ಹೇಗೆ? ಒಪ್ಪಂದಕ್ಕೆ ‘ಅಲ್’ ಬೇಕು, ಆದರೆ ಹಾಕಿದ ಕೂಡಲೇ ಅದು ‘ಈ ಒಪ್ಪಂದ’ ಆಗಿಬಿಡುತ್ತದೆ. ಇದನ್ನು ತಪ್ಪಿಸಲು ನಡುವೆ ‘ಅವನು’ ಎಂಬ ಸರ್ವನಾಮವನ್ನು ತಂದು ಕೂರಿಸುತ್ತಾರೆ: ‘ಹಾದಾ ಹುವಲ್ ಅಕ್ದ್’. ಹೆಣ್ಣಾದರೆ ‘ಹಾದಿಹಿ ಹಿಯ’, ಜನರಾದರೆ ‘ಹಾಉಲಾಇ ಹುಮ್’. ಕನ್ನಡದಲ್ಲಿ ‘ಇದೇ’ ಎಂಬ ಏಕಾರ ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರ.

ಈಗ ನಿಮ್ಮ ಮೂರನೆಯ ಸಾಲು. ನೀವು ಎಡವುತ್ತಿರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ‘ಅಕ್ದುಲ್ ಅಮಲ್’ ಎಂದರೆ ಕೆಲಸದ ಒಪ್ಪಂದ. ಹೀಗೆ ‘ಇದರ ಅದು’ ಎಂದು ಎರಡು ಪದ ಜೋಡಿಯಾದಾಗ ಮೊದಲನೆಯ ಪದ ‘ಅಲ್’ ತೆಗೆದುಕೊಳ್ಳುವುದೇ ಇಲ್ಲ. ಎರಡನೆಯದರ ‘ಅಲ್’ನಿಂದಲೇ ಅದೂ ನಿರ್ದಿಷ್ಟವಾಗುತ್ತದೆ. ‘ಹಾದಾ’ಕ್ಕಾದರೋ ಮುಂದಿನ ಪದವನ್ನು ‘ಈ’ ಎಂದು ಹಿಡಿಯಲು ಅದರ ತಲೆಯ ಮೇಲೆ ‘ಅಲ್’ ಇರಲೇಬೇಕು. ‘ಹಾದಾ ಅಕ್ದುಲ್ ಅಮಲ್’ ಎಂದು ಮುಂದಿಟ್ಟರೆ ಅದಕ್ಕೆ ಹಿಡಿ ಸಿಗುವುದಿಲ್ಲ, ಹಾಗಾಗಿ ಅದು ‘ಇದು ಕೆಲಸದ ಒಪ್ಪಂದ’ ಎಂಬ ವಾಕ್ಯವಾಗುತ್ತದೆ. ‘ಈ ಕೆಲಸದ ಒಪ್ಪಂದ’ ಬೇಕಾದರೆ ‘ಹಾದಾ’ ಜೋಡಿಯ ಹಿಂದೆ ಹೋಗಬೇಕು: ‘ಅಕ್ದುಲ್ ಅಮಲ್ ಹಾದಾ’. ‘ನನ್ನ’, ‘ನಿನ್ನ’ ಸೇರಿದ ಪದಗಳಿಗೂ ಇದೇ ನಿಯಮ. ‘ಹಾದಾ ಅಕ್ದೀ’ ಎಂದರೆ ‘ಇದು ನನ್ನ ಒಪ್ಪಂದ’, ‘ಅಕ್ದೀ ಹಾದಾ’ ಎಂದರೆ ‘ನನ್ನ ಈ ಒಪ್ಪಂದ’. ವ್ಯಕ್ತಿಯ ಹೆಸರಿಗೂ ಹಾಗೆಯೇ: ‘ಹಾದಾ ಅಹ್ಮದ್’ ಪರಿಚಯ ಮಾಡಿಸುವ ಮಾತು, ‘ಅಹ್ಮದ್ ಹಾದಾ’ ಎಂದರೆ ‘ಈ ಅಹ್ಮದ್’.

ಹಿಂದೆ ಹೋದ ‘ಹಾದಾ’ ಜೋಡಿಯಲ್ಲಿ ಯಾರನ್ನು ತೋರಿಸುತ್ತಿದೆ? ಲಿಂಗ ಬೇರೆಯಾದರೆ ಅನುಮಾನವಿಲ್ಲ. ‘ಸಯ್ಯಾರಾ’, ಅಂದರೆ ಕಾರು, ಸ್ತ್ರೀಲಿಂಗ. ‘ಮುದೀರ್’, ಅಂದರೆ ಮ್ಯಾನೇಜರ್, ಪುಲ್ಲಿಂಗ. ‘ಸಯ್ಯಾರತುಲ್ ಮುದೀರ್ ಹಾದಿಹಿ’ ಎಂದರೆ ಮ್ಯಾನೇಜರ್ ಅವರ ಈ ಕಾರು. ಅದೇ ಜಾಗದಲ್ಲಿ ‘ಹಾದಾ’ ಬಂದರೆ ಈ ಮ್ಯಾನೇಜರ್ ಅವರ ಕಾರು. ಆದರೆ ನಿಮ್ಮ ಸಾಲಿನಲ್ಲಿ ಒಪ್ಪಂದವೂ ಕೆಲಸವೂ ಪುಲ್ಲಿಂಗವೇ. ‘ಹಾದಾ’ ವಿಭಕ್ತಿಗೆ ತಕ್ಕಂತೆ ಬದಲಾಗುವುದೂ ಇಲ್ಲ. ಹಾಗಾಗಿ ಅದು ಈ ಒಪ್ಪಂದವೋ ಈ ಕೆಲಸವೋ ಎಂಬುದನ್ನು ವ್ಯಾಕರಣ ಹೇಳುವುದಿಲ್ಲ, ಸಂದರ್ಭವೇ ಹೇಳಬೇಕು. ಒಪ್ಪಂದ ಪತ್ರದೊಳಗೇ ಬಂದಿರುವುದರಿಂದ ನಿಮ್ಮದು ಈ ಒಪ್ಪಂದವೇ. ಬರೆಯುವವರಿಗೆ ಗೊಂದಲ ಬೇಡವಾದರೆ ‘ಅಕ್ದು ಹಾದಲ್ ಅಮಲ್’ ಎಂದು ನಡುವೆ ಇಟ್ಟು ‘ಈ ಕೆಲಸದ ಒಪ್ಪಂದ’ವನ್ನು, ಅಂದರೆ ಈ ಕೆಲಸಕ್ಕೆ ಸಂಬಂಧಿಸಿದ ಒಪ್ಪಂದವನ್ನು, ಬೇರೆ ಮಾಡಿ ಹೇಳಬಹುದು. ನಮ್ಮ ಕನ್ನಡದ ‘ಈ ಕೆಲಸದ ಒಪ್ಪಂದ’ದಲ್ಲೂ ಅದೇ ತೊಡಕಿದೆ ನೋಡಿ, ನಾವು ಗಮನಿಸುವುದಿಲ್ಲ ಅಷ್ಟೆ.

ಕುವೈತ್‌ನಿಂದ ಬರೆದಿರುವ ಸಹೋದರರು ‘ಹಾದಾ ಹಿಂದೆ ಬಂದರೂ ಮುಂದೆ ಬಂದರೂ ಒಂದೇ, ಇಲ್ಲಿ ಯಾರೂ ಲೆಕ್ಕ ಇಡುವುದಿಲ್ಲ’ ಎಂದಿದ್ದಾರೆ. ಅರ್ಧ ನಿಜ. ‘ಅಲ್’ ಇರುವ ಒಂಟಿ ಪದಕ್ಕೆ ಅವರ ಮಾತು ನಡೆಯುತ್ತದೆ, ‘ಅಲ್ ಅಕ್ದ್ ಹಾದಾ’ ಎಂದರೂ ‘ಈ ಒಪ್ಪಂದ’ವೇ. ಈಜಿಪ್ಟಿನ ಆಡುಮಾತಿನಲ್ಲಂತೂ ಹಿಂದೆ ಇಡುವುದೇ ಕ್ರಮ, ‘ಇಲ್ ಕಿತಾಬ್ ದಾ’, ‘ಇಲ್ ಬಿಂತ್ ದೀ’ ಎನ್ನುತ್ತಾರೆ. ಆದರೆ ಜೋಡಿ ಪದಕ್ಕೆ ಬಂದರೆ ಹಿಂದು ಮುಂದಾದಾಗ ತುಂಡು ವಾಕ್ಯವಾಗುತ್ತದೆ, ವಾಕ್ಯ ತುಂಡಾಗುತ್ತದೆ. ಅಂಗಡಿಯಲ್ಲಿ ಕೈ ತೋರಿಸಿ ಮಾತಾಡುವಾಗ ಬೆರಳು ಉಳಿದದ್ದನ್ನು ಹೇಳುತ್ತದೆ. ಸಹಿ ಹಾಕುವ ಕಾಗದಕ್ಕೆ ಆ ಬೆರಳಿಲ್ಲ.

ಇನ್ನು ‘ಹಾದಿಹಿ’. ಅರಬಿಯಲ್ಲಿ ನಪುಂಸಕಲಿಂಗವಿಲ್ಲ, ಕುರ್ಚಿ ಮೇಜುಗಳೂ ಗಂಡೋ ಹೆಣ್ಣೋ ಆಗಲೇಬೇಕು. ಹತ್ತಿರದ ಗಂಡಿಗೆ ‘ಹಾದಾ’, ಹೆಣ್ಣಿಗೆ ‘ಹಾದಿಹಿ’. ದೂರಕ್ಕೆ ‘ದಾಲಿಕ’ ಮತ್ತು ‘ತಿಲ್ಕ’. ಬಹುವಚನದಲ್ಲಿ ಗಂಡು ಹೆಣ್ಣಿನ ಭೇದ ಹೋಗಿ ಇನ್ನೊಂದು ಭೇದ ಬರುತ್ತದೆ, ಮನುಷ್ಯರೋ ಅಲ್ಲವೋ ಎಂಬುದು. ಇದು ಕನ್ನಡಿಗರಿಗೆ ಹೊಸದೇನಲ್ಲ, ನಮ್ಮ ‘ಇವರು’ ಮತ್ತು ‘ಇವು’ ಇದನ್ನೇ ಮಾಡುತ್ತವೆ. ‘ಇವರು’ ಎನ್ನುವಲ್ಲಿ ‘ಹಾಉಲಾಇ’: ‘ಹಾಉಲಾಇಲ್ ಉಮ್ಮಾಲ್’ ಎಂದರೆ ಈ ಕೆಲಸಗಾರರು. ದೂರದವರಾದರೆ ‘ಉಲಾಇಕಲ್ ಉಮ್ಮಾಲ್’. ‘ಇವು’ ಎನ್ನುವಲ್ಲಿ ಮಾತ್ರ ಅರಬಿ ಬೇರೆ ಪದ ಕೊಡದೆ ಇಡೀ ಗುಂಪನ್ನು ಒಬ್ಬ ಹೆಣ್ಣೆಂದು ಎಣಿಸುತ್ತದೆ. ಒಂದು ‘ಶರ್ತ್’ ಗಂಡು, ‘ಹಾದಶ್ ಶರ್ತ್’. ಹತ್ತು ‘ಶುರೂತ್’ ಸೇರಿದರೆ ಹೆಣ್ಣು, ‘ಹಾದಿಹಿಶ್ ಶುರೂತ್’. ದೂರಕ್ಕೆ ‘ತಿಲ್ಕಶ್ ಶುರೂತ್’. ಜೊತೆಗೆ ಬರುವ ಗುಣವಾಚಕವೂ ಹೆಣ್ಣಿನ ಏಕವಚನದಲ್ಲೇ ಇರುತ್ತದೆ: ‘ಹಾದಿಹಿಶ್ ಶುರೂತುಲ್ ಜದೀದಾ’, ಈ ಹೊಸ ಷರತ್ತುಗಳು. ಕನ್ನಡದ ‘ಈ’ ಯಾರ ಮುಂದೆಯೂ ಬದಲಾಗದ ಕಾರಣ ನಮ್ಮವರು ಎಲ್ಲಕ್ಕೂ ‘ಹಾದಾ’ ಎಂದುಬಿಡುತ್ತಾರೆ. ಹೇಳುವ ಮುನ್ನ ಮನಸ್ಸಿನಲ್ಲಿ ‘ಇವನು, ಇವಳು, ಇವರು, ಇವು’ ಎಂದುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.

ಮಗಳ ಶಾಲೆಯ ಪುಸ್ತಕದಲ್ಲಿ ಸೂರ್ಯನ ಚಿತ್ರದ ಕೆಳಗೆ ‘ಹಾದಿಹಿ’ ಎಂದಿರುವುದು ಅಚ್ಚಿನ ದೋಷವೇ ಎಂದು ಕೇಳಿದ ಅಕ್ಕನವರಿಗೆ: ಬಹುವಚನಕ್ಕೂ ಅದಕ್ಕೂ ಸಂಬಂಧವಿಲ್ಲ, ಪುಸ್ತಕ ಸರಿಯಾಗಿದೆ. ಹೆಣ್ಣು ಪದಗಳು ಹೆಚ್ಚಾಗಿ ಕೊನೆಯಲ್ಲಿ ‘ಆ’ ಎಂದು ಮುಗಿಯುತ್ತವೆ, ಆದರೆ ‘ಶಮ್ಸ್’ ಹಾಗೆ ಮುಗಿಯದಿದ್ದರೂ ಹೆಣ್ಣೇ. ಭೂಮಿ ‘ಅರ್ದ್’, ಬೆಂಕಿ ‘ನಾರ್’, ಕೈ ‘ಯದ್’ ಕೂಡ ಹಾಗೆಯೇ. ಚಂದ್ರ ‘ಕಮರ್’ ಗಂಡು. ಇವನ್ನು ಬಾಯಿಪಾಠ ಮಾಡಿಸುವುದೇ ದಾರಿ.

ದೂರದ ‘ದಾಲಿಕ’ ವಸ್ತುವಿಗಷ್ಟೇ ಅಲ್ಲ, ಆಗಲೇ ಹೇಳಿದ ಮಾತಿಗೂ ಬರುತ್ತದೆ. ನಿಮ್ಮ ಪತ್ರದಲ್ಲಿ ‘ಬಅದ ದಾಲಿಕ’ ಕಂಡರೆ ‘ಆಮೇಲೆ’ ಎಂದು ಓದಿ, ‘ಕದಾಲಿಕ’ ಕಂಡರೆ ‘ಹಾಗೆಯೇ’ ಎಂದು. ಅಲ್ಲಿ ಯಾವ ವಸ್ತು ಎಂದು ಹುಡುಕುತ್ತಾ ಕೂರಬೇಡಿ.

‘ಉಲಾಇಕ’ ಮನುಷ್ಯರಿಗೆ ಮಾತ್ರ ಎಂಬ ನಿಯಮದ ಬಗ್ಗೆ ಉಸ್ತಾದರು ಎತ್ತಿದ ತಕರಾರು ನ್ಯಾಯವಾದದ್ದು. ಕುರ್‌ಆನಿನ 17ನೇ ಅಧ್ಯಾಯದ 36ನೇ ವಚನದಲ್ಲಿ ಕಿವಿ, ಕಣ್ಣು, ಹೃದಯಗಳನ್ನು ‘ಉಲಾಇಕ’ ಎಂದೇ ತೋರಿಸಲಾಗಿದೆ, ‘ತಿಲ್ಕ’ ಎಂದಲ್ಲ. ಅವು ಉತ್ತರ ಕೊಡಬೇಕಾದವು ಆದ್ದರಿಂದ ಮನುಷ್ಯರಂತೆ ಎಣಿಸಿದ್ದಾರೆ ಎನ್ನುವವರಿದ್ದಾರೆ. ಹಳೆಯ ಬಳಕೆಯಲ್ಲಿ ‘ಉಲಾಇಕ’ ಮನುಷ್ಯರಿಗಷ್ಟೇ ಮೀಸಲಾಗಿರಲಿಲ್ಲ ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ, ಉಸ್ತಾದರು ಒಪ್ಪಲಾರರು. ಇಂದಿನ ಪತ್ರಿಕೆಯಲ್ಲಿ, ಒಪ್ಪಂದದಲ್ಲಿ ಮಾತ್ರ ಷರತ್ತುಗಳಿಗೆ ‘ತಿಲ್ಕ’ ಎಂದೇ ನಿರೀಕ್ಷಿಸಿ.

ಎರಡು ವಸ್ತುಗಳಿಗೆ ದ್ವಿವಚನ ಬೇರೆಯೇ ಇದೆ, ‘ಹಾದಾನಿ’ ಮತ್ತು ‘ಹಾತಾನಿ’. ವಿಭಕ್ತಿಗೆ ತಕ್ಕಂತೆ ಬದಲಾಗುವುದು ಇವು ಮಾತ್ರ, ‘ಹಾದೈನಿ’, ‘ಹಾತೈನಿ’ ಎಂದು. ನಿಮ್ಮ ಪತ್ರದಲ್ಲಿ ‘ಎರಡೂ ಪಕ್ಷಗಳು’ ಎಂಬಲ್ಲಿ ‘ಅತ್ತರಫಾನಿ’ ಅಥವಾ ‘ಅತ್ತರಫೈನಿ’ ಎಂಬ ರೂಪ ಸಿಗಬಹುದು. ಅದರ ಹಿಂದೆ ಮುಂದೆ ಏನಿದೆ ಎಂದು ಆ ಸಾಲನ್ನು ಇಲ್ಲಿ ಹಾಕಿ, ನೋಡೋಣ. ಸಂಬಳದ ಅಂಕಿ ಮತ್ತು ನಿಮ್ಮ ಹೆಸರನ್ನು ಮುಚ್ಚಿ ಹಾಕಿ.